ಅವರ ಪರದೆಯಲ್ಲಿ ನೀವು ಹೇಗೆ ಕಾಣುತ್ತೀರಿ? ಮೊದಲ ವಿಡಿಯೊ ಸಂದರ್ಶನದ ತಯಾರಿ

ಮೊದಲ ಸಲ ವಿಡಿಯೊ ಸಂದರ್ಶನಕ್ಕೆ ಕೂರುವವರು ಹಿಂದಿನ ರಾತ್ರಿ ಲ್ಯಾಪ್‌ಟಾಪ್ ತೆರೆದು, ಕ್ಯಾಮೆರಾ ಆನ್ ಮಾಡಿ, ಪರದೆಯ ಮೂಲೆಯಲ್ಲಿ ತಮ್ಮ ಮುಖ ಕಂಡರೆ ಎಲ್ಲ ಸರಿಯಿದೆ ಅಂದುಕೊಳ್ಳುತ್ತಾರೆ. ಆದರೆ ಆ ಚಿತ್ರ ಕ್ಯಾಮೆರಾದಿಂದ ನೇರವಾಗಿ ನಿಮ್ಮ ಪರದೆಗೆ ಬಂದದ್ದು. ಇಂಟರ್ನೆಟ್ಟನ್ನು ಅದು ಮುಟ್ಟಿಯೇ ಇಲ್ಲ. ಸಂದರ್ಶಕರಿಗೆ ಹೋಗುವುದು ಅದನ್ನೇ ಕುಗ್ಗಿಸಿ, ನಿಮ್ಮ ಮನೆಯ ವೈಫೈ ದಾಟಿಸಿ, ನಡುವೆ ಕಳೆದುಹೋದ ಚೂರುಗಳನ್ನು ಬಿಟ್ಟು ಮತ್ತೆ ಜೋಡಿಸಿದ ಚಿತ್ರ. ಧ್ವನಿಯ ವಿಷಯದಲ್ಲಂತೂ ನಿಮಗೆ ಏನೂ ಗೊತ್ತಾಗುವುದಿಲ್ಲ, ಏಕೆಂದರೆ ನಿಮ್ಮ ಮಾತು ನಿಮಗೆ ಸ್ಪೀಕರಿನಲ್ಲಿ ಮರಳಿ ಬರುವುದೇ ಇಲ್ಲ. ಹಾಗಾಗಿ ತಯಾರಿಯ ಮುಖ್ಯ ಕೆಲಸ ಒಂದೇ: ಅದೇ ಕೋಣೆಯಲ್ಲಿ, ಅದೇ ಹೊತ್ತಿನಲ್ಲಿ, ಅದೇ ನೆಟ್‌ನಲ್ಲಿ ಕೂತು, ಬೇರೆ ಮನೆಯಲ್ಲಿರುವ ಒಬ್ಬರ ಪರದೆಯಲ್ಲಿ ನೀವು ಹೇಗೆ ಕಾಣುತ್ತೀರಿ, ಹೇಗೆ ಕೇಳಿಸುತ್ತೀರಿ ಎಂದು ತಿಳಿದುಕೊಳ್ಳುವುದು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಹಾಸನದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಬಿ.ಕಾಂ. ಮುಗಿಸಿದ ಹುಡುಗಿಗೆ ಮಂಗಳವಾರ ಬೆಳಿಗ್ಗೆ 11ಕ್ಕೆ ಬೆಂಗಳೂರಿನ ಕಂಪನಿಯೊಂದರ ಸಂದರ್ಶನ, 45 ನಿಮಿಷ. ಹತ್ತಡಿ ಹನ್ನೆರಡಡಿಯ ಕೋಣೆ, ಪೂರ್ವಕ್ಕೆ ಒಂದು ಕಿಟಕಿ, ಗೋಡೆಯ ಮೇಲೆ ಟ್ಯೂಬ್‌ಲೈಟ್, ಸೂರಿನಲ್ಲಿ ಫ್ಯಾನ್. ರೌಟರ್ ಇರುವುದು ಹಾಲ್‌ನಲ್ಲಿ, ಅಡುಗೆಮನೆ ಗೋಡೆಯಾಚೆ. ಲ್ಯಾಪ್‌ಟಾಪ್ ಅಣ್ಣನದು, ನಾಲ್ಕೈದು ವರ್ಷ ಹಳೆಯದು. ಹೊಸದಾಗಿ ಏನನ್ನೂ ಕೊಳ್ಳದೆ ಈ ಮನೆಯಲ್ಲೇ ಚೆನ್ನಾಗಿ ಕಾಣಿಸಿಕೊಳ್ಳಬಹುದು, ಚೆನ್ನಾಗಿ ಕೇಳಿಸಿಕೊಳ್ಳಲೂಬಹುದು.

ಧ್ವನಿಯಿಂದ ಶುರು ಮಾಡುವುದು ಒಳ್ಳೆಯದು. ಚಿತ್ರ ಮಸುಕಾದರೆ ಸಂದರ್ಶಕರು ಸಹಿಸಿಕೊಳ್ಳುತ್ತಾರೆ. ಮಾತು ಅರ್ಥವಾಗದಿದ್ದರೆ ಸಂದರ್ಶನವೇ ನಿಂತುಹೋಗುತ್ತದೆ. ಲ್ಯಾಪ್‌ಟಾಪಿನ ಮೈಕ್ ನಿಮ್ಮ ಬಾಯಿಯಿಂದ ಎರಡಡಿ ದೂರದಲ್ಲಿರುತ್ತದೆ. ಅಷ್ಟು ದೂರದಿಂದ ಅದು ನಿಮ್ಮ ಮಾತಿನ ಜೊತೆಗೆ ಗೋಡೆಗೆ ಬಡಿದು ಬಂದ ಪ್ರತಿಧ್ವನಿಯನ್ನೂ, ತನ್ನದೇ ಒಳಗಿನ ಫ್ಯಾನಿನ ಸದ್ದನ್ನೂ ಹಿಡಿಯುತ್ತದೆ. ಫೋನಿನ ಜೊತೆ ಬಳಸುವ ಸಾಮಾನ್ಯ ವೈರ್ ಇಯರ್‌ಫೋನ್ ಇದಕ್ಕಿಂತ ಎಷ್ಟೋ ಮೇಲು. ಅದರ ಮೈಕ್ ಬಾಯಿಗೆ ಗೇಣು ದೂರದಲ್ಲಿರುತ್ತದೆ, ಆ ಕಡೆಯವರ ಮಾತು ನಿಮ್ಮ ಸ್ಪೀಕರಿನಿಂದ ಹೊರಟು ಮತ್ತೆ ಮೈಕ್ ಸೇರುವ ತೊಂದರೆಯೂ ಇಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ವೈರಿನಲ್ಲಿ ತೂಗುವ ಆ ಪುಟ್ಟ ಮೈಕ್ ದುಪಟ್ಟಾಕ್ಕೋ ಕುತ್ತಿಗೆಯ ಸರಕ್ಕೋ ಶರ್ಟಿನ ಕಾಲರ್‌ಗೋ ಉಜ್ಜಿದರೆ ಆ ಕಡೆ ಗರಗರ ಸದ್ದು ಕೇಳಿಸುತ್ತದೆ. ಒಂದು ಬಟ್ಟೆ ಕ್ಲಿಪ್ ಹಾಕಿ ಬಟ್ಟೆಯಿಂದ ಸ್ವಲ್ಪ ಎತ್ತಿ ನಿಲ್ಲಿಸಿದರೆ ಸಾಕು.

ಬ್ಲೂಟೂತ್ ಇಯರ್‌ಬಡ್ ಇದ್ದವರಿಗೆ ಅದನ್ನೇ ಬಳಸುವ ಆಸೆ ಇರುತ್ತದೆ. ಈ ಒಂದು ದಿನ ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಬಹಳಷ್ಟು ಇಯರ್‌ಬಡ್‌ಗಳು ಮೈಕ್ ಚಾಲೂ ಆದೊಡನೆ ಹಾಡು ಕೇಳಿಸುವ ಗುಣಮಟ್ಟದಿಂದ ಹಳೆಯ ಫೋನ್ ಕರೆಯ ಗುಣಮಟ್ಟಕ್ಕೆ ಇಳಿಯುತ್ತವೆ. ಸಾಲದ್ದಕ್ಕೆ, ಪಕ್ಕದಲ್ಲಿರುವ ಫೋನಿಗೆ ತಾವಾಗಿಯೇ ಜೋಡಿಕೊಂಡು ಲ್ಯಾಪ್‌ಟಾಪನ್ನು ಬಿಟ್ಟುಬಿಡುತ್ತವೆ.

ಇನ್ನು ಕೋಣೆ. ಮಧ್ಯದಲ್ಲಿ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. 'ಟಂಯ್' ಎಂದು ಬಾಲ ಉಳಿದರೆ ಅದು ಬರಿಗೋಡೆ, ಬರಿನೆಲದ ಪ್ರತಿಧ್ವನಿ. ಹಾಸಿಗೆಯನ್ನು ಎದುರು ಗೋಡೆಗೆ ಒರಗಿಸಿ, ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ, ಬಟ್ಟೆಯ ಬೀರುವಿನ ಬಾಗಿಲು ತೆರೆದಿಡಿ, ಬಾಲ ಮೊಟಕಾಗುತ್ತದೆ. ಬಾಗಿಲಿನ ಕೆಳಗಿನ ಸಂದಿಗೆ ಹಳೆಯ ಬಟ್ಟೆ ತುರುಕಿದರೆ ಹಾಲ್‌ನ ಟಿವಿ ಸದ್ದು ಎಷ್ಟೋ ತಗ್ಗುತ್ತದೆ. ಈಗಿನ ಮೀಟಿಂಗ್ ಆ್ಯಪ್‌ಗಳೆಲ್ಲ ಹಿನ್ನೆಲೆ ಸದ್ದು ಅಳಿಸುತ್ತವೆ ನಿಜ. ಒಂದೇ ಸಮನೆ ಇರುವ ಫ್ಯಾನಿನ ಸದ್ದನ್ನು ಅವು ಚೆನ್ನಾಗಿ ತೆಗೆಯುತ್ತವೆ. ಕುಕ್ಕರ್ ಸೀಟಿ, ಮಿಕ್ಸಿ, ಪಕ್ಕದ ಕೋಣೆಯ ಮಾತು ಇವುಗಳ ಎದುರು ಅಷ್ಟು ನಂಬುವಂತಿಲ್ಲ. ಕೆಲವೊಮ್ಮೆ ಆ ಸದ್ದಿನ ಜೊತೆ ನಿಮ್ಮ ಮಾತಿನ ಕೊನೆಯಕ್ಷರಗಳನ್ನೂ ನುಂಗಿಬಿಡುತ್ತವೆ. ಆದ್ದರಿಂದ ಮನೆಯವರಿಗೆ 'ನಾಳೆ ಸ್ವಲ್ಪ ಗಲಾಟೆ ಮಾಡಬೇಡಿ' ಅಂದರೆ ಸಾಲದು. 'ಅಮ್ಮ, ಹತ್ತೂ ಮುಕ್ಕಾಲರಿಂದ ಹನ್ನೆರಡರವರೆಗೆ ಕುಕ್ಕರ್, ಮಿಕ್ಸಿ ಬೇಡ, ಕಾಲಿಂಗ್ ಬೆಲ್ ಆಫ್ ಮಾಡಿರ್ತೀನಿ' ಎಂದು ಹೊತ್ತು ಹಿಡಿದು ಹೇಳಬೇಕು.

ಬೆಳಕಿನ ವಿಷಯಕ್ಕೆ ಬಂದರೆ, ಕ್ಯಾಮೆರಾ ಸರಿಯಿಲ್ಲ ಎಂಬ ದೂರಿನಲ್ಲಿ ಬಹುಪಾಲು ನಿಜವಾಗಿ ಬೆಳಕಿನ ದೂರು. ಬೆಳಕು ಕಡಿಮೆಯಾದಾಗ ವೆಬ್‌ಕ್ಯಾಮ್ ಪ್ರತಿ ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ತೆರೆದಿರುತ್ತದೆ. ಆಗ ಸೆಕೆಂಡಿಗೆ 30 ಚಿತ್ರ ಬರಬೇಕಾದಲ್ಲಿ 15ಕ್ಕೆ ಇಳಿಯುತ್ತದೆ. ತಲೆಯಾಡಿಸಿದರೆ ಮುಖ ಕಲಸಿದಂತಾಗುತ್ತದೆ. ಜೊತೆಗೆ ಚಿತ್ರದ ತುಂಬ ಕಾಳುಕಾಳು ಎದ್ದು, ಆ ಕಾಳುಗಳನ್ನು ಕಳಿಸುವುದಕ್ಕೇ ನೆಟ್ ಖರ್ಚಾಗಿ ಮುಖದ ವಿವರ ಮತ್ತಷ್ಟು ಕೆಡುತ್ತದೆ. ಒಳ್ಳೆಯ ಬೆಳಕಿದ್ದರೆ ಅಣ್ಣನ ಹಳೆಯ ಲ್ಯಾಪ್‌ಟಾಪಿನ ಕ್ಯಾಮೆರಾವೇ ಧಾರಾಳ.

ನಮ್ಮ ಉದಾಹರಣೆಯ ಕೋಣೆಯಲ್ಲಿ ಮೇಜನ್ನು ಕಿಟಕಿಗೆ ತಾಗಿಸಿ, ಮುಖ ಕಿಟಕಿಯ ಕಡೆ ಇರುವಂತೆ ಕೂರಬೇಕು. ಕಿಟಕಿ ಬೆನ್ನ ಹಿಂದೆ ಬಂದರೆ ಕ್ಯಾಮೆರಾ ಹೊರಗಿನ ಬೆಳಕಿಗೆ ಹೊಂದಿಕೊಂಡು ನಿಮ್ಮನ್ನು ಕಪ್ಪು ನೆರಳಾಗಿಸುತ್ತದೆ. ಇಷ್ಟು ಬಹಳ ಜನಕ್ಕೆ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಹಿಂದಿನ ಬಿಳಿ ಗೋಡೆ ಮಾಡುವ ಕೆಲಸ. ಕ್ಯಾಮೆರಾ ಒಟ್ಟು ಚಿತ್ರದ ಬೆಳಕನ್ನು ನೋಡಿ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಹಿಂದೆ ಅಚ್ಚ ಬಿಳಿ ಗೋಡೆಗೆ ಬೆಳಕು ಬಿದ್ದಿದ್ದರೆ 'ಬೆಳಕು ಜಾಸ್ತಿಯಾಯಿತು' ಎಂದು ಇಡೀ ಚಿತ್ರವನ್ನು ಕುಗ್ಗಿಸುತ್ತದೆ, ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಮುಖಗಳು ಇನ್ನಷ್ಟು ಕಪ್ಪಾಗುತ್ತವೆ. ಗೋಡೆಯಿಂದ ನಾಲ್ಕೈದು ಅಡಿ ಮುಂದೆ ಬಂದು ಕೂತರೆ ಗೋಡೆಗೆ ಬೀಳುವ ಬೆಳಕು ತಗ್ಗಿ ಮುಖ ಬೆಳಗುತ್ತದೆ. ತಿಳಿ ನೀಲಿಯೋ ಬೂದಿಯೋ ಆದ ಬೆಡ್‌ಶೀಟನ್ನು ಸುಕ್ಕಿಲ್ಲದಂತೆ ಹಿಂದೆ ಎಳೆದು ಕಟ್ಟಿದರೂ ನಡೆಯುತ್ತದೆ. ಹಿನ್ನೆಲೆ ಮಸುಕು ಮಾಡುವ ಸೌಲಭ್ಯ ಹಳೆಯ ಲ್ಯಾಪ್‌ಟಾಪಿನ ಪ್ರೊಸೆಸರನ್ನು ದಣಿಸುತ್ತದೆ. ಫ್ಯಾನ್ ಜೋರಾಗಿ, ಚಿತ್ರ ತಡವರಿಸುತ್ತದೆ. ಅದನ್ನು ಆಫ್ ಮಾಡಿಡುವುದೇ ಮೇಲು.

ಪೂರ್ವದ ಕಿಟಕಿಯಲ್ಲಿ ಒಂಬತ್ತಕ್ಕೆ ನೇರ ಬಿಸಿಲು ಮುಖಕ್ಕೆ ಹೊಡೆದರೆ ಹನ್ನೊಂದರ ಹೊತ್ತಿಗೆ ಅದು ಮೇಲೇರಿ ಬೆಳಕಿನ ಸ್ವರೂಪವೇ ಬೇರೆಯಾಗಿರುತ್ತದೆ. ಅದಕ್ಕೇ ಪರೀಕ್ಷೆಯನ್ನು ಹಿಂದಿನ ರಾತ್ರಿ ಮಾಡಿದರೆ ಪ್ರಯೋಜನ ಅರ್ಧ. ಹಿಂದಿನ ದಿನ ಹನ್ನೊಂದಕ್ಕೇ ಮಾಡಬೇಕು. ನೇರ ಬಿಸಿಲು ಬರುತ್ತಿದ್ದರೆ ತೆಳ್ಳನೆಯ ಬಿಳಿ ಪಂಚೆಯನ್ನು ಕಿಟಕಿಗೆ ಕಟ್ಟಿದರೆ ಬೆಳಕು ಹದವಾಗುತ್ತದೆ. ಮಳೆಗಾಲದಲ್ಲಿ ಮೋಡ ಕವಿದರೆ ಇರಲಿ ಎಂದು 9 ವ್ಯಾಟಿನ ಎಲ್‌ಇಡಿ ಬಲ್ಬ್ ಹಾಕಿದ ಟೇಬಲ್ ಲ್ಯಾಂಪನ್ನು ಲ್ಯಾಪ್‌ಟಾಪಿನ ಪಕ್ಕ, ಕಣ್ಣಿಗಿಂತ ಸ್ವಲ್ಪ ಎತ್ತರದಲ್ಲಿ ಇಟ್ಟುಕೊಳ್ಳಿ. ಅದರ ಬೆಳಕು ನೇರ ಮುಖಕ್ಕಲ್ಲ, ಎದುರಿನ ಗೋಡೆಗೋ ಬಿಳಿ ಚಾರ್ಟ್ ಹಾಳೆಗೋ ಬಿದ್ದು ತಿರುಗಿ ಬರಲಿ. ಕನ್ನಡಕ ಹಾಕುವವರಿಗೆ ಗಾಜಿನಲ್ಲಿ ಬಲ್ಬ್ ಹೊಳೆದರೆ ದೀಪವನ್ನು ಇನ್ನೂ ಮೇಲಕ್ಕೆ, ಪಕ್ಕಕ್ಕೆ ಸರಿಸಬೇಕು. ಗಾಜಿನಲ್ಲಿ ಪರದೆಯೇ ಹೊಳೆಯುತ್ತಿದ್ದರೆ ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಬೇಕು.

ನಮ್ಮ ಮನೆಗಳಲ್ಲಿ ಇನ್ನೊಂದು ತೊಂದರೆ ಇದೆ. ದೀಪ ಫ್ಯಾನಿನ ರೆಕ್ಕೆಗಿಂತ ಮೇಲಿದ್ದರೆ, ತಿರುಗುವ ರೆಕ್ಕೆಗಳು ಆ ಬೆಳಕನ್ನು ಕತ್ತರಿಸುತ್ತಾ ಮುಖದ ಮೇಲೆ ಪಟಪಟ ನೆರಳು ಬೀಳಿಸುತ್ತವೆ. ಕಣ್ಣಿಗೆ ಅದು ಅಭ್ಯಾಸವಾಗಿ ಕಾಣುವುದಿಲ್ಲ, ವಿಡಿಯೊದಲ್ಲಿ ಎದ್ದು ಕಾಣುತ್ತದೆ. ಆ ದೀಪ ಆರಿಸಿ, ಅಥವಾ ಫ್ಯಾನ್ ನಿಲ್ಲಿಸಿ. ಫ್ಯಾನ್ ನಿಂತ ಮೇಲೂ ಚಿತ್ರದಲ್ಲಿ ಅಡ್ಡ ಪಟ್ಟಿಗಳು ಮೆಲ್ಲಗೆ ಸರಿಯುತ್ತಿದ್ದರೆ ಕಾರಣ ಬಲ್ಬು. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಅಗ್ಗದ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕ್ಯಾಮೆರಾ 60 ಹರ್ಟ್ಸ್ ದೇಶಗಳ ಲೆಕ್ಕಕ್ಕೆ ಹೊಂದಿಸಿದ್ದರೆ ಪಟ್ಟಿ ಬರುತ್ತದೆ. ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ 50 ಎಂಬ ಆಯ್ಕೆ ಇದ್ದರೆ ಅದನ್ನು ಆರಿಸಿ, ಇಲ್ಲದಿದ್ದರೆ ಬೇರೆ ಬಲ್ಬು ಹಾಕಿ ನೋಡಿ.

ಕ್ಯಾಮೆರಾ ಬಗ್ಗೆ ಹೇಳಬೇಕಾದದ್ದು ಕಡಿಮೆ. ಮೆತ್ತನೆಯ ಬಟ್ಟೆಯಿಂದ ಅದರ ಕಣ್ಣು ಒರೆಸಿ. ಬೆರಳಿನ ಎಣ್ಣೆ ಅಂಟಿದ್ದರೆ ಇಡೀ ಚಿತ್ರ ಮಂಜು ಮಂಜು. ಲ್ಯಾಪ್‌ಟಾಪಿನ ಕೆಳಗೆ ಆರರಿಂದ ಎಂಟು ಇಂಚು ಎತ್ತರಕ್ಕೆ ಪುಸ್ತಕಗಳನ್ನಿಟ್ಟು ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕೆ ತನ್ನಿ, ಒಂದು ತೋಳಿನಷ್ಟು ದೂರ ಕೂತುಕೊಳ್ಳಿ. ಸಂದರ್ಶನದಲ್ಲಿ ಎಕ್ಸೆಲ್‌ನಲ್ಲೋ ಕೋಡಿಂಗ್‌ನಲ್ಲೋ ಏನಾದರೂ ಟೈಪ್ ಮಾಡಿಸುವ ಸಾಧ್ಯತೆ ಇದ್ದರೆ ಅಷ್ಟೆತ್ತರದ ಕೀಬೋರ್ಡ್ ಕೈಗೆ ತ್ರಾಸ. ಯಾರದಾದರೂ ಯುಎಸ್‌ಬಿ ಕೀಬೋರ್ಡ್ ತಂದಿಟ್ಟುಕೊಳ್ಳಿ.

ಈಗ ನೆಟ್. ಎಲ್ಲರೂ ಮಾಡುವುದು ಸ್ಪೀಡ್ ಟೆಸ್ಟ್. '100 ಎಂಬಿಪಿಎಸ್ ಬರ್ತಿದೆ' ಎಂದು ನೆಮ್ಮದಿಯಾಗುತ್ತಾರೆ. ಝೂಮ್ ತಾನೇ ಹೇಳುವಂತೆ ಇಬ್ಬರ ನಡುವಿನ 720ಪಿ ವಿಡಿಯೊಗೆ ಹೋಗಲು 1.2, ಬರಲು 1.2 ಎಂಬಿಪಿಎಸ್ ಸಾಕು. ಹಾಗಾಗಿ ವೇಗ ಕಡಿಮೆಯಾಗಿ ಕೆಡುವ ಸಂದರ್ಶನಗಳಿಗಿಂತ, ನಡುನಡುವೆ ಚೂರುಗಳು ಕಳೆದುಹೋಗಿ ಅಥವಾ ತಡವಾಗಿ ಬಂದು ಕೆಡುವ ಸಂದರ್ಶನಗಳೇ ಹೆಚ್ಚು. ಅದನ್ನು ನೋಡಲು ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಸಂದರ್ಶನಕ್ಕೆ ಕೂರುವ ಜಾಗದಲ್ಲೇ ಇದನ್ನು ಓಡಿಸಿ:

```
ping -n 60 8.8.8.8
```

ಒಂದು ನಿಮಿಷ ಒಂದೊಂದೇ ಸಾಲು ಬರುತ್ತದೆ. ಪ್ರತಿ ಸಾಲಿನ `time=` ಮುಂದಿನ ಸಂಖ್ಯೆ, ಅಂದರೆ ಉತ್ತರ ಮರಳಲು ಹಿಡಿದ ಮಿಲಿಸೆಕೆಂಡ್, ಸುಮಾರಾಗಿ ಒಂದೇ ಮಟ್ಟದಲ್ಲಿರಬೇಕು, 25, 28, 31 ಹೀಗೆ. ನಡುನಡುವೆ 400, 600ಕ್ಕೆ ಹಾರುತ್ತಿದ್ದರೆ, ಅಥವಾ `Request timed out` ಎಂಬ ಸಾಲು ಎರಡು ಮೂರು ಸಲ ಬಂದರೆ, ಸ್ಪೀಡ್ ಟೆಸ್ಟ್ ಏನೇ ಹೇಳಲಿ, ಮಾತು ಕತ್ತರಿಸುತ್ತದೆ. ಆಗ ಲ್ಯಾಪ್‌ಟಾಪನ್ನು ರೌಟರ್ ಪಕ್ಕ ಒಯ್ದು ಮತ್ತೆ ಓಡಿಸಿ. ಅಲ್ಲಿ ಸರಿಯಾದರೆ ತಪ್ಪು ವೈಫೈದು: ನಡುವೆ ಎರಡು ಗೋಡೆಗಳಿವೆ, ಅಥವಾ ಅಕ್ಕಪಕ್ಕದ ಮನೆಗಳ ವೈಫೈಗಳಿಂದ 2.4 ಗಿಗಾಹರ್ಟ್ಸ್ ತರಂಗಪಟ್ಟಿ ತುಂಬಿಹೋಗಿದೆ. 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ ನೋಡಬಹುದು, ಆದರೆ ಅದು ಗೋಡೆ ದಾಟುವುದರಲ್ಲಿ ಇನ್ನೂ ದುರ್ಬಲ. ಖಚಿತವಾದ ಪರಿಹಾರವೆಂದರೆ ರೌಟರಿನಿಂದ ಕೋಣೆಯವರೆಗೆ ಒಂದು ಲ್ಯಾನ್ ಕೇಬಲ್. ರೌಟರ್ ಪಕ್ಕದಲ್ಲೂ ಹಾರಾಟ ನಿಲ್ಲದಿದ್ದರೆ ಮನೆಯಲ್ಲಿ ಯಾರದೋ ಫೋನ್ ಫೋಟೊಗಳನ್ನು ಬ್ಯಾಕಪ್‌ಗೆ ಏರಿಸುತ್ತಿದೆಯೇ ನೋಡಿ. ಮೇಲೇರುವ ದಾರಿ ಅದರಿಂದ ತುಂಬಿದರೆ ನಿಮ್ಮ ಮಾತು ಸರದಿಯಲ್ಲಿ ಕಾಯುತ್ತದೆ. ಅದೂ ಅಲ್ಲವಾದರೆ ತೊಂದರೆ ಲೈನಿನದು, ಬ್ರಾಡ್‌ಬ್ಯಾಂಡಿನವರಿಗೆ ಅಂದೇ ಫೋನ್ ಮಾಡಬೇಕು.

ಕರೆಂಟ್ ಹೋಗುವ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ತಯಾರಿ ನಮ್ಮಲ್ಲಿ ತಯಾರಿಯೇ ಅಲ್ಲ. ಹಾಸನ ವಿದ್ಯುತ್ ಸರಬರಾಜು ಕಂಪನಿ ಸೆಸ್ಕ್‌ನ ವ್ಯಾಪ್ತಿಗೆ ಬರುತ್ತದೆ; ನಿರ್ವಹಣೆಗೆಂದು ಕರೆಂಟ್ ತೆಗೆಯುವ ಪ್ರಕಟಣೆಗಳು ಸ್ಥಳೀಯ ಪತ್ರಿಕೆಗಳಲ್ಲಿ ಮೊದಲೇ ಬರುತ್ತವೆ, 1912ಕ್ಕೆ ಫೋನ್ ಮಾಡಿಯೂ ಕೇಳಬಹುದು. ಮಂಗಳವಾರ ನಿಮ್ಮ ಬಡಾವಣೆಯ ಹೆಸರಿದ್ದರೆ ನೆಂಟರ ಮನೆಗೆ ಹೋಗುವ ನಿರ್ಧಾರ ಸೋಮವಾರವೇ ಆಗಲಿ. ರೌಟರಿಗೆ ಸಣ್ಣ ಯುಪಿಎಸ್ ಸಿಗುತ್ತದೆ, ಕೊಳ್ಳುವಾಗ ರೌಟರಿನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ಹೊಂದಬೇಕು. ಆದರೂ ಅದನ್ನೇ ನೆಚ್ಚಿಕೊಳ್ಳಬೇಡಿ: ಬೀದಿಯಲ್ಲಿ ಕೇಬಲ್‌ನವರ ಪೆಟ್ಟಿಗೆಗೂ ಅದೇ ಕರೆಂಟ್ ಇದ್ದರೆ, ನಿಮ್ಮ ರೌಟರ್ ಉರಿಯುತ್ತಲೇ ಇರುತ್ತದೆ, ನೆಟ್ ಇರುವುದಿಲ್ಲ.

ಹಾಗಾಗಿ ನಿಜವಾದ ಎರಡನೇ ದಾರಿ ಮೊಬೈಲ್. ಬ್ರಾಡ್‌ಬ್ಯಾಂಡ್ ಯಾವ ಕಂಪನಿಯದೋ ಅದೇ ಕಂಪನಿಯ ಸಿಮ್ ಆಗದಿದ್ದರೆ ಒಳ್ಳೆಯದು, ಒಂದೇ ಕಡೆ ಕೇಬಲ್ ತುಂಡಾದರೆ ಎರಡೂ ಒಟ್ಟಿಗೆ ಹೋಗುವ ಸಂಭವ ಕಡಿಮೆಯಾಗುತ್ತದೆ. ಡೇಟಾ ಲೆಕ್ಕ ಹಾಕೋಣ. ಹೋಗಲು ಬರಲು ಸೇರಿ 2.4 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 0.3 ಎಂಬಿ, 45 ನಿಮಿಷಕ್ಕೆ ಸುಮಾರು 800 ಎಂಬಿ. ದಿನಕ್ಕೆ 1.5 ಜಿಬಿ ಪ್ಲಾನ್ ಇರುವ ಫೋನಿನಲ್ಲಿ ಬೆಳಿಗ್ಗೆಯೇ ರೀಲ್ಸ್ ನೋಡುತ್ತಾ ಒಂದು ಜಿಬಿ ಮುಗಿಸಿದ್ದರೆ ಸಂದರ್ಶನದ ಅರ್ಧದಲ್ಲೇ ಡೇಟಾ ಖಾಲಿ. ಅನೇಕ ಪ್ಲಾನ್‌ಗಳಲ್ಲಿ ಆಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಝೂಮ್‌ನಲ್ಲಿ ಬರೀ ಮಾತಿಗೇ ಅಷ್ಟು ಬೇಕು, ವಿಡಿಯೊ ಕನಸು. ಆ ಬೆಳಿಗ್ಗೆ ಫೋನಿನ ಡೇಟಾ ಮುಟ್ಟಬೇಡಿ, ಅಥವಾ ಮೊದಲೇ ಒಂದು ಡೇಟಾ ಪ್ಯಾಕ್ ಹಾಕಿಸಿ.

ಹಾಟ್‌ಸ್ಪಾಟ್‌ಗಿಂತ ಯುಎಸ್‌ಬಿ ಟೆದರಿಂಗ್, ಅಂದರೆ ಫೋನಿನ ನೆಟ್ಟನ್ನು ಕೇಬಲ್ ಮೂಲಕ ಲ್ಯಾಪ್‌ಟಾಪಿಗೆ ಕೊಡುವುದು, ಗಟ್ಟಿ. ನಡುವೆ ಇನ್ನೊಂದು ವೈಫೈ ಇಲ್ಲ, ಫೋನ್ ಚಾರ್ಜೂ ಆಗುತ್ತಿರುತ್ತದೆ. ಕೇಬಲ್ ಚುಚ್ಚಿದರೂ ಫೋನಿನಲ್ಲಿ `USB tethering` ಆಯ್ಕೆ ಮಂಕಾಗಿಯೇ ಇದ್ದರೆ ಅದು ಬರೀ ಚಾರ್ಜ್ ಮಾಡುವ ಅಗ್ಗದ ಕೇಬಲ್. ಫೋನಿನ ಜೊತೆ ಬಂದದ್ದನ್ನು ಹುಡುಕಿ. ಟೆದರಿಂಗನ್ನು ಮೊದಲೇ ಆನ್ ಮಾಡಿಡಬೇಡಿ. ವಿಂಡೋಸ್ ಸಾಮಾನ್ಯವಾಗಿ ವೈಫೈಗಿಂತ ಕೇಬಲ್ಲಿಗೆ ಮೊದಲ ಮಣೆ ಹಾಕುವುದರಿಂದ ಇಡೀ ಸಂದರ್ಶನ ಮೊಬೈಲ್ ಡೇಟಾದಲ್ಲೇ ನಡೆದುಬಿಡುತ್ತದೆ. ಕೇಬಲ್ ಚುಚ್ಚಿಡಿ, ಸ್ವಿಚ್ ಬೇಕಾದಾಗ ಒತ್ತಿ. ಎರಡು ಸಿಮ್ ಇದ್ದರೆ ಡೇಟಾ ಇಲ್ಲದ ಸಿಮ್ಮನ್ನು ಸೆಟ್ಟಿಂಗ್‌ನಲ್ಲಿ ಆಫ್ ಮಾಡಿ, ಏಕೆಂದರೆ ಹಲವು ಫೋನುಗಳಲ್ಲಿ ಅದಕ್ಕೆ ಕರೆ ಬಂದರೆ ಇನ್ನೊಂದರ ಡೇಟಾ ನಿಲ್ಲುತ್ತದೆ. ಫೋನ್ ಸೈಲೆಂಟ್‌ನಲ್ಲಿದ್ದರೂ ಅಷ್ಟೇ; ಸೈಲೆಂಟ್ ಎಂದರೆ ಸದ್ದಿಲ್ಲ ಅಷ್ಟೇ ಹೊರತು ಕರೆ ಬರುವುದು ನಿಲ್ಲುವುದಿಲ್ಲ.

ಲಿಂಕ್ ಬಂದ ದಿನವೇ ಅದನ್ನು ತೆರೆದು ನೋಡಿ. ವಿಳಾಸ `meet.google.com`, `teams.microsoft.com`, `zoom.us` ಇಂಥದ್ದಾಗಿರಬೇಕು. ಸಂದರ್ಶನಕ್ಕೆಂದು ನಿಮ್ಮ ಕಂಪ್ಯೂಟರನ್ನು ದೂರದಿಂದ ನಡೆಸುವ ಆ್ಯಪ್ ಹಾಕಿಸಿದರೆ, ಹಣ ಕೇಳಿದರೆ, ಅದು ಮೋಸ. ಸೈಬರ್ ವಂಚನೆಯ ಸಹಾಯವಾಣಿ 1930. ಮೀಟ್, ಟೀಮ್ಸ್ ಎರಡರಲ್ಲೂ ಒಳಹೋಗುವ ಮುನ್ನ ನಿಮ್ಮ ಮುಖ, ಹೆಸರು, ಮೈಕ್ ತೋರಿಸುವ ಪರದೆಯೊಂದು ಬರುತ್ತದೆ. ಅಲ್ಲಿಯವರೆಗೆ ಹೋಗಿ, `Join now` ಒತ್ತದೆ ನಿಲ್ಲಿ. ಝೂಮ್‌ಗೆ `zoom.us/test` ಎಂಬ ಪರೀಕ್ಷಾ ಮೀಟಿಂಗೇ ಇದೆ. ಅಲ್ಲಿ ನೀವು ಮಾತಾಡಿದ್ದನ್ನು ನಿಮಗೇ ತಿರುಗಿ ಕೇಳಿಸುತ್ತದೆ. ಆ ಪರದೆಯಲ್ಲಿ ಮೊದಲು ನೋಡಬೇಕಾದದ್ದು ಹೆಸರು. ಉದಾಹರಣೆಯ ಲ್ಯಾಪ್‌ಟಾಪ್ ಅಣ್ಣನದಲ್ಲವೇ, ಬ್ರೌಸರಿನಲ್ಲಿ ಅವನ ಜಿಮೇಲ್ ತೆರೆದಿದ್ದರೆ ಮೀಟ್‌ನಲ್ಲಿ ಅವನ ಹೆಸರೇ ಹೋಗುತ್ತದೆ, ಆಹ್ವಾನ ನಿಮ್ಮ ಖಾತೆಗೆ ಬಂದಿದ್ದರಿಂದ ಒಳಗೆ ಬಿಡಲು ಸಂದರ್ಶಕರ ಅನುಮತಿಗೆ ಕಾಯಬೇಕಾಗುತ್ತದೆ. ಎರಡನೆಯದು ಅನುಮತಿ: ಬ್ರೌಸರ್ ಕ್ಯಾಮೆರಾ, ಮೈಕ್ ಕೇಳಿದಾಗ ಹಿಂದೊಮ್ಮೆ ಬೇಡ ಎಂದಿದ್ದರೆ ಮತ್ತೆ ಕೇಳುವುದಿಲ್ಲ. ವಿಳಾಸದ ಎಡಬದಿಯ ಚಿಹ್ನೆ ಒತ್ತಿ ಅಲ್ಲಿ ಬದಲಿಸಿ, ಪುಟ ಮರುತೆರೆಯಬೇಕು. ಮೂರನೆಯದು, ಮೈಕ್ ಪಟ್ಟಿಯಲ್ಲಿ ಇಯರ್‌ಫೋನ್ ಆಯ್ಕೆಯಾಗಿದೆಯೇ ಎಂಬುದು. ಇಯರ್‌ಫೋನ್ ಚುಚ್ಚಿದ ಮಾತ್ರಕ್ಕೆ ಆ್ಯಪ್ ಅದಕ್ಕೆ ಬದಲಾಗಿರುತ್ತದೆ ಎನ್ನುವಂತಿಲ್ಲ. ಇಯರ್‌ಫೋನ್ ಮೈಕನ್ನು ಉಗುರಿನಿಂದ ತಟ್ಟಿ, ಪರದೆಯ ಮೇಲಿನ ಪಟ್ಟಿ ಜಿಗಿಯುತ್ತದೆಯೇ ನೋಡಿ.

ಇಷ್ಟಾದ ಮೇಲೆ ಸೋಮವಾರ ಹನ್ನೊಂದಕ್ಕೆ ಬೇರೆ ಊರಿನಲ್ಲಿರುವ ಗೆಳತಿಯೊಬ್ಬಳನ್ನು ಅದೇ ಆ್ಯಪ್‌ನಲ್ಲಿ ಕರೆಯಿರಿ. ಹತ್ತು ನಿಮಿಷ ಸಾಕು. ಅವಳು ತನ್ನ ಪರದೆಯ ಸ್ಕ್ರೀನ್‌ಶಾಟ್ ತೆಗೆದು ಕಳಿಸಲಿ, ನಿಮ್ಮ ಮಾತನ್ನು ಒಂದು ನಿಮಿಷ ರೆಕಾರ್ಡ್ ಮಾಡಿ ಕಳಿಸಲಿ. 'ಚೆನ್ನಾಗಿದೆ' ಎಂಬ ಉತ್ತರ ಉಪಯೋಗಕ್ಕೆ ಬರುವುದಿಲ್ಲ. 'ನಿನ್ನ ದನಿ ಬಾವಿಯೊಳಗಿಂದ ಬಂದ ಹಾಗಿದೆ ಕಣೇ, ಎಡಗೆನ್ನೆ ಕಾಣ್ತಾನೇ ಇಲ್ಲ' ಎಂಬ ಉತ್ತರ ಬರುತ್ತದೆ. ಆಮೇಲೆ ಅವಳು ಮಾತಾಡುತ್ತಿರುವಾಗಲೇ ಹಾಲ್‌ಗೆ ಹೋಗಿ ರೌಟರಿನ ಸ್ವಿಚ್ ಆರಿಸಿ. ವಾಪಸ್ ಬಂದು ಟೆದರಿಂಗ್ ಒತ್ತಿ, ಕರೆ ತಾನಾಗಿ ಮರಳಿ ಕೂಡಿಕೊಳ್ಳುತ್ತದೆಯೇ, ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಅರ್ಧ ನಿಮಿಷದಲ್ಲಿ ಕೂಡದಿದ್ದರೆ ಲಿಂಕನ್ನು ಮತ್ತೆ ಒತ್ತಿ ಒಳಬರುವುದನ್ನೂ ಅಭ್ಯಾಸ ಮಾಡಿ. ಅದೇ ಆ್ಯಪ್ ಫೋನಿನಲ್ಲೂ ಇರಲಿ, ಲ್ಯಾಪ್‌ಟಾಪೇ ಕೈಕೊಟ್ಟರೆ ಅಲ್ಲಿಂದ ಸೇರಬಹುದು.

ಸೋಮವಾರ ರಾತ್ರಿ ಲ್ಯಾಪ್‌ಟಾಪನ್ನು ಒಮ್ಮೆ ರೀಸ್ಟಾರ್ಟ್ ಮಾಡಿ, ಬಾಕಿಯಿರುವ ಅಪ್‌ಡೇಟ್ ಮುಗಿಯಲಿ. ಆಮೇಲೆ ಅಪ್‌ಡೇಟನ್ನು ಒಂದು ವಾರಕ್ಕೆ ನಿಲ್ಲಿಸಿಡಿ. ಸಂದರ್ಶನಕ್ಕೆ ಕರೆದ ಎಚ್‌ಆರ್ ಅವರ ಫೋನ್ ನಂಬರನ್ನು ಕಾಗದದ ಮೇಲೆ ಬರೆದಿಡಿ, ಮೇಲ್‌ನಲ್ಲಿ ಮಾತ್ರ ಇದ್ದರೆ ನೆಟ್ ಹೋದಾಗ ಅದೂ ಸಿಗುವುದಿಲ್ಲ. ಸಂದರ್ಶನದ ನಡುವೆ ಮಾತು ಕತ್ತರಿಸತೊಡಗಿದರೆ ಮೊದಲ ಹೆಜ್ಜೆ ನಿಮ್ಮ ವಿಡಿಯೊ ಆಫ್ ಮಾಡುವುದು: 'ಸರ್, ನೆಟ್ ಸ್ವಲ್ಪ ತೊಂದರೆ ಕೊಡ್ತಿದೆ, ವಿಡಿಯೊ ಆಫ್ ಮಾಡಿ ಮುಂದುವರಿಸಬಹುದಾ?' ಎಂದು ಕೇಳಿ. ಪೂರ್ತಿ ಕಡಿದುಹೋದರೆ ಟೆದರಿಂಗ್. ಅದೂ ಎರಡು ನಿಮಿಷದಲ್ಲಿ ಆಗದಿದ್ದರೆ ಎಚ್‌ಆರ್‌ಗೆ ಫೋನ್ ಮಾಡಿ, ಮನೆಯಲ್ಲಿ ಕರೆಂಟ್ ಹೋಗಿದೆ, ಫೋನಿನಿಂದ ಸೇರುತ್ತಿದ್ದೇನೆ ಎಂದು ಹೇಳಿ, ಅದೇ ಲಿಂಕನ್ನು ಫೋನಿನಲ್ಲಿ ಒತ್ತಿ.